ನೋಟಿಸಿಗಿಂತ ಮೊದಲು ಮನೆ ತಲುಪಿದ ಪತ್ರ

ನಾಲ್ಕು ಪುಟದ ಪತ್ರ. ಗೆರೆ ಹಾಕಿದ ಉದ್ದ ಹಾಳೆ, ನೀಲಿ ಬಾಲ್ ಪೆನ್ನು. ವಯಸ್ಸಾದ ಕಣ್ಣಿಗೆ ತೊಡಕಾಗಬಾರದೆಂದು ಒಂದು ಗೆರೆ ಬಿಟ್ಟು ಇನ್ನೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಹುಡುಗ ಕುರುಗೋಡಿನ ಲಿಂಗಾಯತರ ಮನೆಯವನು. ಹುಡುಗಿ ಸಿರುಗುಪ್ಪದ ಮುಸ್ಲಿಮರ ಮನೆಯವಳು. ಇಬ್ಬರಿಗೂ ಬಳ್ಳಾರಿಯಲ್ಲಿ ಕೆಲಸ, ಪರಿಚಯವೂ ಅಲ್ಲಿಯದೇ. ಹೆತ್ತವರು ಅಳುಕುತ್ತಲೇ ಒಪ್ಪಿದ್ದರು. ಆದರೆ ಹುಡುಗನ ಮನೆಯಲ್ಲಿ ‘ಅಜ್ಜಿಗೆ ಯಾರು ಹೇಳೋದು’, ಹುಡುಗಿಯ ಮನೆಯಲ್ಲಿ ಅಜ್ಜನನ್ನು ನೆನೆದು ‘ನಾನಾ ಏನಂತಾರೋ’ ಎಂಬಲ್ಲಿಗೆ ಮಾತು ಬಂದು ನಿಂತುಬಿಟ್ಟಿತ್ತು. ಕೊನೆಗೆ ಇವರಿಬ್ಬರೇ ಕೂತು ಬರೆದರು. ಹೆಸರು, ಓಣಿ ಎಲ್ಲೂ ಬರಬಾರದೆಂಬ ಮಾತಿನ ಮೇಲೆ ನನಗೂ ಓದಲು ಕೊಟ್ಟರು. ಒಳ್ಳೆಯ ಗದ್ಯವನ್ನು ಮತ್ತೆ ಮತ್ತೆ ಓದುವ ಆಸೆ ಯಾವ ಪುಸ್ತಕದಿಂದ ಹುಟ್ಟುತ್ತದೋ ಹೇಳಲಾಗದು. ಈ ಸಲ ನನಗೆ ಅದು ಈ ನಾಲ್ಕು ಪುಟದಿಂದ ಹುಟ್ಟಿತು.

ಮೊದಲು ಕಣ್ಣಿಗೆ ಬೀಳುವುದು ಸಂಬೋಧನೆ. ‘ಕುರುಗೋಡಿನ ಅಜ್ಜಿಗೆ ಶರಣು ಶರಣಾರ್ಥಿ. ಸಿರುಗುಪ್ಪದ ನಾನಾ ಅವರಿಗೆ ಅಸ್ಸಲಾಮು ಅಲೈಕುಮ್.’ ಎರಡು ಮನೆಗೆ ಎರಡು ಪತ್ರ ಬರೆದಿರಬೇಕೆಂದುಕೊಂಡಿದ್ದೆ. ಅಲ್ಲ, ಪತ್ರ ಒಂದೇ, ಪ್ರತಿ ಎರಡು. ಅಜ್ಜಿಯ ಕೈಗೆ ಹೋದ ಹಾಳೆಯಲ್ಲೂ ನಾನಾಗೆ ಸಲಾಂ ಇದೆ, ನಾನಾ ಕೈಗೆ ಹೋದದ್ದರಲ್ಲೂ ಅಜ್ಜಿಗೆ ಶರಣು ಇದೆ. ಹುಡುಗಿ ಕಾರಣವನ್ನು ಪತ್ರದಲ್ಲೇ ಒಂದು ಸಾಲಲ್ಲಿ ಹೇಳಿಬಿಟ್ಟಿದ್ದಾಳೆ: ‘ನಿಮಗೊಂದು ಮಾತು, ಅವರಿಗೊಂದು ಮಾತು ಆಗಬಾರದು ಅಂತ ಇದನ್ನೇ ಎರಡು ಸಲ ಬರೆದಿದ್ದೇವೆ.’

ಇಂಥ ಮದುವೆಗಳು ಹದಗೆಡುವುದು ಎಷ್ಟೋ ಸಲ ಈ ಜಾಗದಲ್ಲಿಯೇ. ಹುಡುಗನ ಕಡೆಯವರಿಗೆ ‘ಅವಳು ನಮ್ಮ ಪದ್ಧತಿಗೆ ಹೊಂದಿಕೊಳ್ಳುತ್ತಾಳೆ’ ಎಂದು ಹೇಳಿರುತ್ತಾರೆ. ಹುಡುಗಿಯ ಕಡೆಯವರಿಗೆ ‘ಅವನು ಬರಬರುತ್ತಾ ನಮ್ಮ ದಾರಿಗೆ ಬರುತ್ತಾನೆ’ ಎಂದಿರುತ್ತಾರೆ. ಎರಡೂ ಮನೆಯವರು ಒಂದೇ ಚಪ್ಪರದಡಿ ಕೂತ ದಿನ ಎರಡು ಸಮಾಧಾನಗಳೂ ಎದುರುಬದುರಾಗುತ್ತವೆ. ಅಂದಿನ ಮುನಿಸು ಹತ್ತು ವರ್ಷಕ್ಕೂ ಹೋಗುವುದಿಲ್ಲ. ಒಂದೇ ಪತ್ರವನ್ನು ಎರಡು ಕಡೆಗೂ ಬರೆದಾಗ ಆ ದಾರಿ ಮುಚ್ಚಿಹೋಗುತ್ತದೆ. ಬರೆಯುವವರ ಕೈ ತಾನಾಗಿಯೇ ನೆಟ್ಟಗಾಗುತ್ತದೆ, ಏಕೆಂದರೆ ಅಜ್ಜಿಯನ್ನು ಒಲಿಸಿಕೊಳ್ಳಲು ಬರೆದ ಮಾತನ್ನು ನಾನಾ ಕೂಡ ಓದುತ್ತಾರೆ. ಪತ್ರದಲ್ಲಿ ಒಂದು ಬೆಣ್ಣೆಮಾತೂ ಇಲ್ಲದಿರುವುದಕ್ಕೆ ಈ ಏರ್ಪಾಡೇ ಕಾರಣ ಎಂದು ನನಗನ್ನಿಸುತ್ತದೆ.

ಇನ್ನು ಸುದ್ದಿ ಹೇಳುವ ಸಾಲು. ಪೀಠಿಕೆ ಇಲ್ಲ, ‘ನಿಮಗೆ ಬೇಸರವಾಗಬಹುದು’ ಎಂಬ ಮುನ್ನುಡಿಯೂ ಇಲ್ಲ. ‘ನಾವಿಬ್ಬರೂ ಮದುವೆಯಾಗಬೇಕೆಂದು ನಿಶ್ಚಯ ಮಾಡಿದ್ದೇವೆ. ಮಾರ್ಚ್ 9ಕ್ಕೆ ಬಳ್ಳಾರಿಯ ನೋಂದಣಿ ಕಚೇರಿಯಲ್ಲಿ ನೋಟಿಸ್ ಕೊಡುತ್ತೇವೆ. ಆಮೇಲೆ ಅದು ಅಲ್ಲಿ ಎಲ್ಲರಿಗೂ ಕಾಣುವಂತೆ ಗೋಡೆಗೆ ಹತ್ತುತ್ತದೆ. ಯಾರಾದರೂ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರೂ ಬಿಟ್ಟರು. ನಿಮ್ಮ ಫೋನಿಗೆ ಅದು ಬರುವ ಮೊದಲು ನಮ್ಮ ಕೈಬರಹ ಬರಬೇಕು ಅಂತ ಇದನ್ನು ಬರೆಯುತ್ತಿದ್ದೇವೆ.’

ಇಡೀ ಪತ್ರದ ಬೆನ್ನೆಲುಬು ಈ ಸಾಲುಗಳು. ಇದರ ರುಚಿ ತಿಳಿಯಬೇಕಾದರೆ ನೋಟಿಸ್ ಎಂದರೇನೆಂದು ಕೊಂಚ ನೋಡಬೇಕು. ಧರ್ಮ ಬದಲಿಸದೆ ಬೇರೆ ಬೇರೆ ಧರ್ಮದವರು ಮದುವೆಯಾಗುವುದಕ್ಕೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ನೆಲೆಸಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಬರವಣಿಗೆಯಲ್ಲಿ ತಿಳುವಳಿಕೆ ಕೊಡಬೇಕು. ಅಧಿಕಾರಿ ಅದನ್ನು ಪುಸ್ತಕದಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ಕಚೇರಿಯಲ್ಲಿ ಕಾಣುವ ಜಾಗಕ್ಕೆ ಅಂಟಿಸುತ್ತಾರೆ. ಆ ಪುಸ್ತಕವನ್ನು ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆಕ್ಷೇಪಣೆಗೆ ಕಾರಣಗಳು ಕೆಲವೇ: ಒಬ್ಬರಿಗೆ ಜೀವಂತ ಗಂಡನೋ ಹೆಂಡತಿಯೋ ಇರುವುದು, ಒಪ್ಪಿಗೆ ಕೊಡಲಾಗದ ಮನಸ್ಥಿತಿ, ಹುಡುಗನಿಗೆ 21 ಹುಡುಗಿಗೆ 18 ತುಂಬದಿರುವುದು, ನಿಷಿದ್ಧ ರಕ್ತಸಂಬಂಧ. ಜಾತಿಯೂ ಧರ್ಮವೂ ಮನೆಯವರ ಅಸಮಾಧಾನವೂ ಆ ಪಟ್ಟಿಯಲ್ಲಿಲ್ಲ.

ಕಾಗದದ ಮೇಲೆ ಇದು ಇಷ್ಟೇ ಸರಳ. ಆದರೆ ಊರು ಚಿಕ್ಕದು. ಕಚೇರಿಗೆ ಜಮೀನಿನ ಕೆಲಸಕ್ಕೆಂದು ಹೋದವರ ಕಣ್ಣು ಗೋಡೆಗೆ ಹೋಗುತ್ತದೆ. ಮನೆಗೆ ಪತ್ರ ಕಳಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಹೀಗಾಗಿ ಹಿರಿಯರಿಗೆ ಸುದ್ದಿ ಮುಟ್ಟುವುದು ಬೇರೆಯವರ ಬಾಯಿಂದ, ಬೇರೆಯವರ ಬಣ್ಣದಲ್ಲಿ. ‘ನಿಮ್ಮ ಮೊಮ್ಮಗನ ಹೆಸರು ಗೋಡೆ ಮೇಲಿದೆಯಲ್ಲ’ ಎಂದು ಪಕ್ಕದ ಮನೆಯವರು ಕೇಳಿದಾಗ ಅಜ್ಜಿಗೆ ಆಗುವ ನೋವಿನಲ್ಲಿ ಅನ್ಯಧರ್ಮದ ಸೊಸೆಯ ಪಾಲು ಕಡಿಮೆ. ತನಗೆ ಹೇಳಲಿಲ್ಲವಲ್ಲ ಎಂಬುದರ ಪಾಲೇ ಹೆಚ್ಚು. ಇವರು ಅದನ್ನು ಅರಿತಿದ್ದಾರೆ. ಹಾಗೆ ನೋಡಿದರೆ ಪತ್ರ ಒಪ್ಪಿಗೆಯನ್ನೇ ಕೇಳುವುದಿಲ್ಲ. ಸುದ್ದಿಯನ್ನು ಮೊದಲು ಕೇಳುವ ಹಿರಿಯರ ಹಕ್ಕನ್ನು ಹಿರಿಯರಿಗೆ ಕೊಡುತ್ತದೆ, ಅಷ್ಟೇ.

ಎರಡನೇ ಪುಟದಲ್ಲಿ ಒಂದು ಭಯವನ್ನು ಎತ್ತಿಕೊಂಡಿದ್ದಾರೆ. ನಾನಾ ಹಿಂದೊಮ್ಮೆ ಯಾರದೋ ಮದುವೆಯ ಬಗ್ಗೆ ‘ರಿಜಿಸ್ಟರ್ ಮದುವೆ ಅಂದರೆ ದೀನ್ ಬಿಟ್ಟಂತೆ, ಹಾಗಂತ ಬರೆದುಕೊಡಬೇಕು’ ಎಂದಿದ್ದರಂತೆ. ಹುಡುಗಿ ಅದನ್ನು ತಳ್ಳಿಹಾಕಿಲ್ಲ. ‘ನೀವು ಹೇಳಿದ್ದು ಹಿಂದೆ ನಿಜವೇ ಆಗಿತ್ತು, ಈಗಿಲ್ಲ’ ಎಂದು ಬರೆದಿದ್ದಾಳೆ. ಮಾತು ಸರಿ. ಬ್ರಿಟಿಷರ ಕಾಲದ 1872ರ ಕಾಯ್ದೆಯಡಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. ಮದುವೆ ಬೇಕಾದರೆ ಧರ್ಮವನ್ನು ಕಾಗದದ ಮೇಲೆ ಬಿಡಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗಿನ ಮದುವೆಗೆ ಆ ಷರತ್ತು ಸಡಿಲಿಸಿತು. ಎಲ್ಲರಿಗೂ ಅದನ್ನು ತೆಗೆದುಹಾಕಿದ್ದು 1954ರ ಕಾಯ್ದೆ. ಕಾಯ್ದೆ ಬದಲಾಗಿ ಏಳು ದಶಕ ಕಳೆದರೂ ಹಳೆಯ ಭಯ ಮನೆಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ‘ನಾನು ನಮಾಜು ಬಿಡುವುದಿಲ್ಲ. ಅವರು ಇಷ್ಟಲಿಂಗ ಬಿಡುವುದಿಲ್ಲ. ನನ್ನ ಹೆಸರು ನೀವಿಟ್ಟದ್ದೇ ಇರುತ್ತದೆ.’ ಮೂರು ಚಿಕ್ಕ ವಾಕ್ಯ. ಹಿರಿಯರ ತಪ್ಪು ತಿದ್ದುವಾಗ ಮೊದಲು ಅವರ ಮಾತಿನಲ್ಲಿದ್ದ ನಿಜವನ್ನು ಎತ್ತಿ ಹಿಡಿದ ಈ ನಡೆ ಎಷ್ಟು ಚೆಂದ!

ಆಮೇಲೆ ಬರುತ್ತದೆ ದಿನ ಗೊತ್ತುಮಾಡಿದ ಕಥೆ. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹೊರಗಿನವರಿಗೆ ಇದು ಬರೀ ತಾರೀಖು. ಆದರೆ ಈ ಎರಡು ಮನೆಗೆ ಮೂರು ಪಂಚಾಂಗ. ಅಜ್ಜಿಗೆ ಚಾಂದ್ರಮಾನದ ಮಾಸ, ನಾನಾಗೆ ಹಿಜರಿ ತಿಂಗಳು, ಕಚೇರಿಗೆ ಕಾಯ್ದೆಯ ಗಡುವು. ನೋಟಿಸಿನ 30 ದಿನ ಕಳೆಯಬೇಕು, ಆದರೆ ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಮೂರು ತಿಂಗಳು ಮೀರಿದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಕೊಡಬೇಕು. ದಿನ ಗೊತ್ತುಮಾಡುವ ಮುಂಚೆ ಇದನ್ನು ತಿಳಿಯದವರು ಮಂಟಪಕ್ಕೆ ಮುಂಗಡ ಕೊಟ್ಟು ಆಮೇಲೆ ಪರದಾಡುತ್ತಾರೆ.

2026ರ ಲೆಕ್ಕ ಹೀಗೆ ನಡೆದಿದೆ. ಮಾರ್ಚ್ 3ಕ್ಕೆ ಹೋಳಿ ಹುಣ್ಣಿಮೆ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿನ ಗಡಿಬಿಡಿ. ಮನೆತುಂಬ ನೆಂಟರಿರುವಾಗ ಈ ಸುದ್ದಿ ಬೇಡವೆಂದು ಪತ್ರವನ್ನು ಜಾತ್ರೆಗೆ ಸಾಕಷ್ಟು ಮುಂಚೆಯೇ ಕಳಿಸಿದರು, ನೋಟಿಸನ್ನು ಜಾತ್ರೆಯ ಆಚೆಗೆ, 9ನೇ ತಾರೀಖಿನ ಸೋಮವಾರಕ್ಕೆ ಇಟ್ಟರು. ಅಷ್ಟರಲ್ಲಿ ರಂಜಾನ್ ನಡೆಯುತ್ತಿರುತ್ತದೆ. ಉಪವಾಸದ ತಿಂಗಳಲ್ಲಿ ಅರ್ಜಿ ಕೊಡಬಹುದು, ಊಟ ಹಾಕಲಾಗದು. ಮಾರ್ಚ್ 19ಕ್ಕೆ ಯುಗಾದಿ, ಚಂದ್ರ ಕಂಡಂತೆ 20 ಅಥವಾ 21ಕ್ಕೆ ಈದ್. ಏಪ್ರಿಲ್ 8ರ ಹೊತ್ತಿಗೆ 30 ದಿನ ಮುಗಿಯುತ್ತದೆ. ಗಡುವು ಜೂನ್ 9ರವರೆಗೆ ಇದೆಯೇನೋ ಸರಿ, ಆದರೆ ಮೇ 17ರಿಂದ ಅಧಿಕ ಜ್ಯೇಷ್ಠ ಹತ್ತುತ್ತದೆ, ಅಧಿಕಮಾಸದಲ್ಲಿ ಅಜ್ಜಿ ಮದುವೆಯ ಮಾತೇ ಆಡುವುದಿಲ್ಲ. ಉಳಿದದ್ದು ಏಪ್ರಿಲ್ ಎರಡನೇ ವಾರದಿಂದ ಮೇ ನಡುವಿನ ತನಕದ ಒಂದು ಕಿಂಡಿ. ಅದರಲ್ಲಿ ಏಪ್ರಿಲ್ 23ರ ಗುರುವಾರ ಕಚೇರಿಯಲ್ಲಿ ಸಹಿ, 26ರ ಭಾನುವಾರ ಊಟ. ಶುಕ್ರವಾರ ಬೇಡವೆಂದದ್ದು ನಾನಾ ಅವರ ಜುಮ್ಮಾ ನಮಾಜಿಗಾಗಿ.

ಈ ಲೆಕ್ಕವನ್ನೆಲ್ಲ ಪತ್ರದಲ್ಲಿ ಬಿಡಿಸಿ ಬರೆದಿದ್ದಾರೆ. ಹಿರಿಯರ ಮೇಲಿನ ಗೌರವವನ್ನು ‘ನಿಮ್ಮ ಮೇಲೆ ನಮಗೆ ಅಪಾರ ಗೌರವ’ ಎಂದು ಬರೆಯುವುದು ಸುಲಭ. ಇಲ್ಲಿ ಅಂಥ ಸಾಲೇ ಇಲ್ಲ. ಅಧಿಕಮಾಸ ತಪ್ಪಿಸಿದ್ದಾರೆ, ಜುಮ್ಮಾ ತಪ್ಪಿಸಿದ್ದಾರೆ, ಓದುವವರಿಗೆ ತಮ್ಮ ದಿನಚರಿ ಮಕ್ಕಳ ಲೆಕ್ಕದಲ್ಲಿ ಸೇರಿರುವುದು ಕಾಣುತ್ತದೆ. ಅಜ್ಜಿ ಪಂಚಾಂಗ ತೆಗೆದು ತಾಳೆ ನೋಡಿದರಂತೆ. ನೋಡಿ, ಸುಮ್ಮನಾದರಂತೆ.

ಮೂರನೇ ಪುಟ ಕಷ್ಟದ ಪುಟ. ಏನು ಇರುವುದಿಲ್ಲ ಎಂಬುದನ್ನು ಅಲ್ಲಿ ಹೇಳಬೇಕಾಗಿತ್ತು. ‘ನಿಕಾಹ್ ಇರುವುದಿಲ್ಲ. ಅಯ್ಯನವರ ಕೈಯಲ್ಲಿ ಲಗ್ನವೂ ಇರುವುದಿಲ್ಲ. ಇದೆ ಅಂತ ಸುಳ್ಳು ಹೇಳಿ ನಿಮ್ಮನ್ನು ಕರೆಸಿಕೊಳ್ಳುವುದಿಲ್ಲ.’ ಒಳಗೊಳಗೇ ಖಾಜಿಯವರನ್ನು ಕರೆಸಿ ಒಂದು ಶಾಸ್ತ್ರ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಇನ್ನೊಂದು ಶಾಸ್ತ್ರ ಮಾಡಿ ಎರಡೂ ಕಡೆ ಸಮಾಧಾನ ಮಾಡುವ ದಾರಿ ಇವರಿಗೂ ಗೊತ್ತಿತ್ತು. ಆದರೆ ನಿಕಾಹ್ ಆಗಬೇಕೆಂದರೆ ಹುಡುಗ ಇಸ್ಲಾಂ ಒಪ್ಪಬೇಕೆಂದು ನಾನಾ ಅವರ ಶರೀಅತ್ ತಿಳುವಳಿಕೆ ಹೇಳುತ್ತದೆ. ಮನೆಯ ಲಗ್ನ ಆಗಬೇಕೆಂದರೆ ಹುಡುಗಿ ಲಿಂಗ ಕಟ್ಟಿಸಿಕೊಳ್ಳಬೇಕೆಂದು ಅಜ್ಜಿಯ ಕಡೆಯ ನೆಂಟರು ಕೇಳುತ್ತಾರೆ. ಯಾವುದನ್ನು ಮಾಡಿದರೂ ಒಬ್ಬರು ನಟಿಸಬೇಕಾಗುತ್ತದೆ. ನಟಿಸಿ ಪಡೆದ ಹರಕೆ ಬೇಡವೆಂದು ಇವರು ನಿಶ್ಚಯಿಸಿದ್ದಾರೆ.

ಕೂಡಲೇ ಪತ್ರ ಇನ್ನೊಂದು ಕಡೆಗೆ ತಿರುಗುತ್ತದೆ. ‘ನಾನಾ, ಈ ಮದುವೆ ಸರಿ ಅಂತ ನಿಮ್ಮ ಬಾಯಲ್ಲಿ ಹೇಳಿಸುವುದಿಲ್ಲ. ನಿಮಗೆ ಆಗದ ಮಾತನ್ನು ಕೇಳುವುದಿಲ್ಲ. ದುಆ ಮಾಡಿ, ಅಷ್ಟು ಸಾಕು. ಅಜ್ಜಿ, ನೀವು ಅಕ್ಕಿಕಾಳು ಹಾಕಿ, ವಿಭೂತಿ ಹಚ್ಚಿ, ಅಷ್ಟು ಸಾಕು.’ ಇದನ್ನು ಓದಿ ಬಹಳ ಹೊತ್ತು ಹಾಳೆ ಮಗುಚದೆ ಕೂತೆ. ಒಬ್ಬ ಹಿರಿಯನ ನಂಬಿಕೆಯನ್ನು ಒಡೆಯದೆ, ಆ ನಂಬಿಕೆಯೊಳಗೇ ಅವನು ಕೊಡಬಹುದಾದದ್ದು ಏನಿದೆ ಎಂದು ಹುಡುಕಿ ಅದನ್ನೇ ಕೇಳಿದ್ದಾರೆ. ಮೊಮ್ಮಗಳಿಗೆ ದುಆ ಮಾಡುವುದನ್ನು ಯಾವ ಶರೀಅತ್ತೂ ತಡೆಯುವುದಿಲ್ಲ. ಸೊಸೆಯ ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕುವುದಕ್ಕೆ ಯಾವ ಮಠದ ಅಪ್ಪಣೆಯೂ ಬೇಡ. ಕಾಯ್ದೆಯೂ ಇದಕ್ಕೆ ಜಾಗ ಬಿಟ್ಟಿದೆ. ಮದುವೆಯನ್ನು ಯಾವ ರೂಪದಲ್ಲಾದರೂ ಮಾಡಿಕೊಳ್ಳಬಹುದು. ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ, ತಮಗೆ ತಿಳಿಯುವ ಯಾವ ಭಾಷೆಯಲ್ಲಾದರೂ ಸರಿ, ಒಬ್ಬರನ್ನೊಬ್ಬರು ಗಂಡನಾಗಿ ಹೆಂಡತಿಯಾಗಿ ಸ್ವೀಕರಿಸಿದೆವೆಂದು ಹೇಳಬೇಕು. ಇವರು ಅದನ್ನು ಕನ್ನಡದಲ್ಲಿ ಹೇಳುತ್ತಾರಂತೆ. ಮನೆಯಲ್ಲಿ ದಖನಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತ ನಾನಾಗೂ, ಕನ್ನಡ ಬಿಟ್ಟು ಬೇರೇನೂ ಬಾರದ ಅಜ್ಜಿಗೂ ಅದು ಸಮನಾಗಿ ಕೇಳುತ್ತದೆ.

ಈ ಸೀಮೆಯವರಿಗೆ ನೆನಪಾಗುವ ಇನ್ನೊಂದು ಸಂಗತಿಯನ್ನು ಪತ್ರ ಒಂದೇ ಸಾಲಲ್ಲಿ ಮುಟ್ಟಿ ಬಿಟ್ಟಿದೆ. ಮೊಹರಂನಲ್ಲಿ ಅಲಾಯಿ ದೇವರು ಕೂತಾಗ ಬಳ್ಳಾರಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಸಕ್ಕರೆ ಓದಿಸುತ್ತಾರೆ. ಹುಡುಗ ಚಿಕ್ಕವನಿದ್ದಾಗ ಜ್ವರ ಬಿದ್ದು ಅಜ್ಜಿಯೂ ಓದಿಸಿದ್ದರಂತೆ. ‘ಆ ಸಕ್ಕರೆ ನನ್ನ ಬಾಯಿಗೆ ಹಾಕಿದ್ದು ನೆನಪಿದೆ’ ಎಂದು ಬರೆದು ಮುಂದೆ ಹೋಗಿದ್ದಾನೆ. ‘ಅಂದು ಅಲಾಯಿಗೆ ಕೈಮುಗಿದವರು ಇಂದು ಇವಳನ್ನು ಬೇಡವೆನ್ನಬಹುದೇ’ ಎಂದು ಕೇಳಿಲ್ಲ. ಕೇಳಿದ್ದರೆ ಅಜ್ಜಿಯ ಹರಕೆಯನ್ನೇ ಅಜ್ಜಿಯ ವಿರುದ್ಧ ಸಾಕ್ಷಿಗೆ ನಿಲ್ಲಿಸಿದಂತಾಗುತ್ತಿತ್ತು.

ಇದೇ ಸಂಯಮದಿಂದ ಕಲ್ಯಾಣದ ಕಥೆಯನ್ನೂ ಬಿಟ್ಟಿದ್ದಾರೆ. ಲಿಂಗಾಯತರ ಮನೆಗೆ ಬರೆಯುವ ಪತ್ರದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ ಬಂದೇ ಬರುತ್ತದೆ ಎಂದು ನಾನು ಕಾದಿದ್ದೆ. ಸಮಗಾರ ಹುಡುಗ, ಬ್ರಾಹ್ಮಣ ಹುಡುಗಿ, ನಡುವೆ ನಿಂತ ಬಸವಣ್ಣ. ವಾದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಎಲ್ಲಿದೆ? ಏಕೆ ಬರೆಯಲಿಲ್ಲವೆಂದು ಕೇಳಿದಾಗ ಹುಡುಗ ಹೇಳಿದ: ‘ಆ ಕಥೆ ಎಳೆಹೂಟೆಯಲ್ಲಿ ಮುಗಿಯುತ್ತದೆ ಸರ್. ಅಜ್ಜಿಗೆ ಅದೇ ಭಯ ಇರೋದು, ನಮಗೇನಾದರೂ ಆದೀತು ಅಂತ.’ ಹೌದು, ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ ಕಥೆಯನ್ನು ಭಯಪಡುತ್ತಿರುವ ಮುದುಕಿಗೆ ಧೈರ್ಯಕ್ಕೆಂದು ಯಾರು ಹೇಳುತ್ತಾರೆ? ಓದುವವರ ಎದೆಯೊಳಗೆ ಯಾವ ಮಾತು ಎಲ್ಲಿ ಹೋಗಿ ಮುಟ್ಟುತ್ತದೆಂದು ಈ ಹುಡುಗನಿಗೆ ಗೊತ್ತು.

ಊಟದ ಭಾಗಕ್ಕೆ ಬಂದರೆ ಪತ್ರದ ಕೈ ಸ್ವಲ್ಪ ಸಡಿಲವಾಗುತ್ತದೆ, ಸಂತೋಷ ಒಳಗೆ ಬರುತ್ತದೆ. ಭಾನುವಾರದ ಊಟ ಬಳ್ಳಾರಿಯಲ್ಲಿ, ಪೂರ್ತಿ ಸಸ್ಯಾಹಾರ. ಮಾಂಸ ಬೇಯಿಸಿದ ಪಾತ್ರೆಯ ಅನ್ನ ಅಜ್ಜಿ ಮುಟ್ಟುವುದಿಲ್ಲ. ಅದಕ್ಕೆ ಅಡುಗೆಯವರನ್ನೂ ಪಾತ್ರೆಯನ್ನೂ ಲಿಂಗಾಯತರ ಮದುವೆಗಳಿಗೆ ಅಡುಗೆ ಮಾಡುವವರಿಂದಲೇ ಗೊತ್ತುಮಾಡಿದ್ದಾರೆ. ಆದರೆ ಎಲೆಯನ್ನು ಒಂದೇ ಮನೆಗೆ ಬರೆದುಕೊಟ್ಟಿಲ್ಲ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಪಲ್ಯ ಕುರುಗೋಡಿನದು. ಬಗಾರಾ ಅನ್ನ, ಸೋರೆಕಾಯಿ ಹಾಕಿದ ದಾಲ್ಚಾ, ಖುಬಾನಿಯ ಮೀಠಾ ಸಿರುಗುಪ್ಪದ್ದು. ಬಗಾರಾ ಅನ್ನವೆಂದರೆ ಚಕ್ಕೆ, ಲವಂಗ, ಏಲಕ್ಕಿ, ಪುದೀನ ಒಗ್ಗರಣೆಗೆ ಬಿದ್ದ ಅನ್ನ, ಮಾಂಸ ತಾಗದ ಮದುವೆಯೂಟ. ದಾಲ್ಚಾವನ್ನು ಕುರಿಮಾಂಸ ಹಾಕಿಯೂ ಮಾಡುತ್ತಾರೆ, ಸೋರೆಕಾಯಿ ಹಾಕಿಯೂ ಮಾಡುತ್ತಾರೆ. ಕಡಲೆಬೇಳೆಯ ಮಂದ ಸಾರಿನಲ್ಲಿ ಹುಣಸೆಹಣ್ಣಿನ ಹುಳಿ ಇಳಿದ ಸೋರೆಕಾಯಿ ಹೋಳು ಬಾಯಲ್ಲಿ ಕರಗುತ್ತದೆ. ಅಕ್ಕಿ ಸಿರುಗುಪ್ಪದ ಸೋನಾ ಮಸೂರಿ, ‘ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದ ನಾನಾ ಆರಿಸಿಕೊಡಬೇಕು’ ಎಂದು ಬರೆದಿದ್ದಾರೆ. ಆ ಸೀಮೆಯಲ್ಲಿ ತುಂಗಭದ್ರೆಯ ನೀರಿನಲ್ಲಿ ಬೆಳೆದ ಅಕ್ಕಿಯ ಕಾಳನ್ನು ಅಂಗೈ ಮೇಲೆ ಹರವಿ ಹಳತೋ ಹೊಸತೋ ಹೇಳಬಲ್ಲವರು ಮನೆಗೊಬ್ಬರು. ಹೊಸ ಅಕ್ಕಿ ಬೆಂದಾಗ ಅಂಟುತ್ತದೆ. ಬಗಾರಾಕ್ಕೆ ಹಳೆಯದೇ ಬೇಕು. ದುಆ ಕೇಳಿದ್ದರ ಜೊತೆಗೆ ಆ ಮುದುಕನ ಜೀವಮಾನದ ಕೌಶಲವನ್ನೂ ಮದುವೆಗೆ ಕರೆದಿದ್ದಾರೆ.

ಮಾರನೆಯ ದಿನ ಸಿರುಗುಪ್ಪದ ಮನೆಯವರು ತಮ್ಮವರಿಗೆ ಬಿರಿಯಾನಿ ಊಟ ಹಾಕುತ್ತಾರೆ. ಅದರ ಬಗ್ಗೆ ಪತ್ರದಲ್ಲಿ: ‘ಅಜ್ಜಿ, ಸೋಮವಾರದ ಊಟಕ್ಕೆ ನಿಮ್ಮನ್ನು ಕರೆಯುತ್ತಿಲ್ಲ. ಕರೆದು ನೀವು ಒಲ್ಲೆ ಅನ್ನುವಂತೆ ಮಾಡುವುದು ನಮಗೆ ಬೇಡ.’ ಇಬ್ಬರೂ ಹಿರಿಯರು ಓದುವ ಹಾಳೆಯಲ್ಲಿ ಹೀಗೆ ಬರೆಯಲು ಧೈರ್ಯ ಬೇಕು. ಕರೆಯದಿರುವುದೂ ಮರ್ಯಾದೆಯಾಗಬಹುದೆಂದು ತೋರಿಸುವ ಸಾಲು ಇದು. ಏಪ್ರಿಲ್ ಕೊನೆಯ ಬಳ್ಳಾರಿ ಬಿಸಿಲನ್ನೂ ಮರೆತಿಲ್ಲ. ಊಟ ಹನ್ನೆರಡಕ್ಕೆ ಮುಂಚೆ, ಸಿರುಗುಪ್ಪ ದೂರವಾದ್ದರಿಂದ ಅಲ್ಲಿಯವರಿಗೆ ಬೆಳಿಗ್ಗೆ ಏಳಕ್ಕೇ ಬಸ್ಸು.

ಎಲ್ಲವೂ ಇಷ್ಟೇ ಚೆನ್ನಾಗಿದೆಯೇ? ಇಲ್ಲ. ಜಮೀನಿನ ಭಾಗ ಒಣಗಿದೆ. ಈ ಕಾಯ್ದೆಯಡಿ ಅನ್ಯಧರ್ಮದವರನ್ನು ಮದುವೆಯಾದ ಹಿಂದೂ ತನ್ನ ಅವಿಭಕ್ತ ಕುಟುಂಬದಿಂದ ಕಾನೂನಿನ ಲೆಕ್ಕದಲ್ಲಿ ಬೇರೆಯಾದಂತೆ. ಹಾಗೆಂದು ಅವನ ಪಾಲಿನ ಹಕ್ಕು ಹೋಗುವುದಿಲ್ಲ. ಮುಂದೆ ಅವನ ಸ್ವತ್ತಿನ ವಾರಸಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ‘ಹೊಲ ಬೇರೆಯವರ ಪಾಲಾಗುತ್ತದೆ’ ಎಂದು ಚಿಕ್ಕಪ್ಪಂದಿರು ಅಜ್ಜಿಯ ಕಿವಿಯಲ್ಲಿ ಹೇಳುವ ಮೊದಲು ಇದನ್ನು ಹೇಳಲೇಬೇಕಿತ್ತು. ಆದರೆ ವಕೀಲರ ಮಾತನ್ನು ಹಾಗೇ ಇಳಿಸಿದ್ದಾರೆ, ಅಜ್ಜಿಗೆ ಅರ್ಥವಾಗಿರಲಾರದು. ‘ಪಾಲು ಇರುತ್ತದೆ, ಒಟ್ಟು ಕುಟುಂಬದ ಲೆಕ್ಕದಿಂದ ಮಾತ್ರ ನಾನು ಬೇರೆ’ ಎಂದಿದ್ದರೆ ಸಾಕಿತ್ತು. ಮಕ್ಕಳ ವಿಚಾರವಂತೂ ಒಂದೇ ಸಾಲಿನಲ್ಲಿ ಮುಗಿದಿದೆ: ‘ಮಕ್ಕಳ ಬಗ್ಗೆ ಮುಂದೆ ಯೋಚಿಸುತ್ತೇವೆ.’ ಹಿರಿಯರಿಬ್ಬರೂ ಒಳಗೊಳಗೆ ಕೇಳುತ್ತಿರುವ ದೊಡ್ಡ ಪ್ರಶ್ನೆಯೇ ಅದು. ಉಳಿದೆಲ್ಲ ಕಡೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವರು ಇಲ್ಲಿ ನೆಲ ನೋಡಿದ್ದಾರೆ. ಇನ್ನೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಬಹುದಿತ್ತು.

ಕನ್ನಡ ನಾಡಿನಲ್ಲಿ ಮದುವೆಯೊಂದು ಹೊಸ ಮಾತು ಹೇಳಿದ್ದು ಇದು ಮೊದಲಲ್ಲ. 1966ರಲ್ಲಿ ಕುಪ್ಪಳಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಕುವೆಂಪು ‘ಮಂತ್ರ ಮಾಂಗಲ್ಯ’ದ ರೀತಿಯಲ್ಲಿ ನಡೆಸಿದರು. ಪುರೋಹಿತಶಾಹಿ ಇಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ವಧೂವರರು ತಮಗೆ ಅರ್ಥವಾಗುವ ಮಾತಿನಲ್ಲಿ ಕೊಡುವ ವಚನವೇ ಮದುವೆ. ಅಂದಿನಿಂದ ಎಷ್ಟೋ ಅಂತರ್ಜಾತಿ ಮದುವೆಗಳು ಆ ದಾರಿಯಲ್ಲಿ ನಡೆದಿವೆ. ಆದರೆ ಅಲ್ಲಿ ಹೊಸದನ್ನು ಹೇಳಿದವರು ಮನೆಯ ಹಿರಿಯರು, ಅದೂ ನಾಡೇ ಕಿವಿಗೊಡುವಂಥ ಹಿರಿಯರು. ಕುರುಗೋಡು, ಸಿರುಗುಪ್ಪದ ಈ ಪತ್ರದಲ್ಲಿ ದಾರಿ ತಿರುವುಮುರುವು. ಕಿರಿಯರು ಹಿರಿಯರ ಕೈ ಹಿಡಿದು ನಡೆಸಬೇಕು, ನಡೆಸುತ್ತಿದ್ದೇವೆಂದು ಅನ್ನಿಸಲೂ ಬಾರದು. ಹಾಗಾಗಿ ಅಲ್ಲಿ ಒಪ್ಪುವ ಘೋಷಣೆಯ ಗಾಂಭೀರ್ಯ ಇಲ್ಲಿ ಒಪ್ಪುವುದಿಲ್ಲ. ಇವರು ಅದಕ್ಕೆ ಕೈಹಾಕದೆ ತಾರೀಖು, ಬಸ್ಸು, ಅಕ್ಕಿ, ಪಾತ್ರೆಗಳ ಮಾತಾಡಿದ್ದು ಸರಿಯಾಯಿತು.

ನಾಲ್ಕನೇ ಪುಟದ ಕೊನೆಗೆ ಸಾಕ್ಷಿಗಳ ವಿಚಾರ. ಮದುವೆಗೆ ಮುಂಚಿನ ಘೋಷಣೆಗೂ, ಆಮೇಲಿನ ಪ್ರಮಾಣಪತ್ರಕ್ಕೂ ಮೂವರು ಸಾಕ್ಷಿಗಳ ಸಹಿ ಬೇಕು. ಸ್ನೇಹಿತರನ್ನೇ ಕರೆದುಕೊಂಡು ಹೋಗುವುದು ವಾಡಿಕೆ. ಹಿರಿಯರಿಗೆ ಗೊತ್ತಾಗದಂತೆ ಮುಗಿಸುವವರಿಗಂತೂ ಬೇರೆ ದಾರಿಯೇ ಇಲ್ಲ. ಇವರು ಬರೆದದ್ದು: ‘ಒಂದು ಸಹಿ ಗೆಳತಿಯದು. ಎರಡು ಜಾಗ ನಿಮ್ಮಿಬ್ಬರಿಗೆ ಇಟ್ಟಿದ್ದೇವೆ. ಬರಲಾಗದಿದ್ದರೆ ಏಪ್ರಿಲ್ 20ರೊಳಗೆ ಹೇಳಿ, ಬೇರೆಯವರನ್ನು ಕೇಳುತ್ತೇವೆ. ಬರದಿದ್ದರೂ ಭಾನುವಾರ ನಿಮ್ಮ ಎಲೆ ಹಾಕಿಯೇ ಇರುತ್ತದೆ.’ ಸಾಕ್ಷಿಯ ಸಹಿಯೆಂದರೆ ಈ ಮದುವೆಯನ್ನು ಧರ್ಮಸಮ್ಮತವೆಂದು ಒಪ್ಪಿದಂತಲ್ಲ, ಇದು ನನ್ನ ಕಣ್ಣೆದುರು ನಡೆಯಿತು ಎಂದು ಹೇಳಿದಂತೆ. ಅಷ್ಟನ್ನು ಇಬ್ಬರೂ ತಮ್ಮ ನಂಬಿಕೆಗೆ ಧಕ್ಕೆಯಿಲ್ಲದೆ ಹೇಳಬಹುದು. ಒತ್ತಾಯವಿಲ್ಲ, ಬೆದರಿಕೆಯಿಲ್ಲ, ‘ನೀವು ಬಾರದಿದ್ದರೆ ನಾವು ಸುಖವಾಗಿರಲಾರೆವು’ ಎಂಬ ಕಣ್ಣೀರೂ ಇಲ್ಲ. ಗಡುವು ಮಾತ್ರ ಇದೆ, ಏಕೆಂದರೆ ಕಚೇರಿಗೆ ಮೂರು ಸಹಿ ಬೇಕೇ ಬೇಕು.

ಪತ್ರ ಸೇರಿದ ವಾರದಲ್ಲಿ ಕುರುಗೋಡಿನಿಂದ ಫೋನು ಬಂತು. ಮದುವೆಯ ಬಗ್ಗೆ ಅಜ್ಜಿ ಒಂದು ಮಾತೂ ಆಡಲಿಲ್ಲ. ‘ಸಹಿ ಹಾಕೋಕೆ ಆಧಾರ್ ಕಾರ್ಡ್ ತರಬೇಕೇನು?’ ಎಂದು ಕೇಳಿದರು. ತರಬೇಕು, ಸಾಕ್ಷಿಗಳ ಗುರುತಿನ ಚೀಟಿಯನ್ನು ಕಚೇರಿಯಲ್ಲಿ ಕೇಳುತ್ತಾರೆ. ನಾನಾ ಅವರಿಂದ, ನಾನು ಪತ್ರ ಓದಿದ ದಿನದವರೆಗೆ, ಉತ್ತರ ಬಂದಿರಲಿಲ್ಲ. ಅಕ್ಕಿ ಎಷ್ಟು ಕ್ವಿಂಟಲ್ ಬೇಕೆಂದು ಮಗನ ಕೈಲಿ ವಿಚಾರಿಸಿದ್ದರು.

ಇಂಥ ಮದುವೆ ನಿಶ್ಚಯಿಸಿಕೊಂಡವರು ಇದನ್ನು ಓದುತ್ತಿದ್ದರೆ, ಮತ್ತು ಮನೆಯವರಿಗೆ ಹೇಳುವುದರಿಂದ ನಿಮ್ಮ ಜೀವಕ್ಕೆ ಅಪಾಯವಿಲ್ಲವೆಂಬ ಭರವಸೆ ಇದ್ದರೆ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೋಟಿಸ್ ಗೋಡೆಗೆ ಹತ್ತುವ ಮುನ್ನ ನಿಮ್ಮ ಅಜ್ಜ ಅಜ್ಜಿಯರಿಗೆ ನಿಮ್ಮ ಕೈಯಾರೆ ಬರೆಯಿರಿ, ಎರಡೂ ಮನೆಗೆ ಒಂದೇ ಪತ್ರವನ್ನು ಬರೆಯಿರಿ.